ಕಿವಿಯ ಕಾಗದವನ್ನು ಓದುವ ಬಗೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಕಚೇರಿಗೆ ಬರುವವರಲ್ಲಿ ಕಿವಿ ಮಂದವಾದವರು ಅನೇಕರು. ಕೆಲವರು ಭಿವಂಡಿಯ ಮಗ್ಗದ ಶೆಡ್ಡುಗಳಲ್ಲಿ ವರ್ಷಗಟ್ಟಲೆ ದುಡಿದವರು. ಕೆಲವರು ಹೋಟೆಲಿನ ತರುಣರು, ಚಿಕ್ಕಂದಿನಿಂದಲೂ ಕಿವಿ ಸೋರುತ್ತಿರುವವರು. ಆಸ್ಪತ್ರೆಗೆ ಹೋದರೆ ಸದ್ದಿಲ್ಲದ ಕೋಣೆಯೊಂದರಲ್ಲಿ ಕೂರಿಸಿ, ಪೀಂ ಎಂಬ ಸ್ವರ ಕೇಳಿದಾಗಲೆಲ್ಲ ಗುಂಡಿ ಒತ್ತಿರಿ ಎನ್ನುತ್ತಾರೆ. ಕೊನೆಗೆ ಗೆರೆ ಎಳೆದ ಒಂದು ಕಾಗದ ಕೈಗೆ ಬರುತ್ತದೆ. ಅದರ ಹೆಸರು ಆಡಿಯೋಗ್ರಾಂ. ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ಬಂದ ಮೇಲೆ ಒಬ್ಬನು ಬಿಸಿ ಎಣ್ಣೆ ಬಿಡು ಎನ್ನುತ್ತಾನೆ, ಇನ್ನೊಬ್ಬನು ಮಿಷನ್ ಕೊಂಡುಕೋ ಎನ್ನುತ್ತಾನೆ. ಎರಡಕ್ಕೂ ಹಣ ತೆರುವ ಮೊದಲು ಆ ಕಾಗದ ಏನು ಹೇಳುತ್ತದೆಂದು ನೋಡೋಣ.

ಕಾಗದದ ಮೇಲ್ಗಡೆ ಎಡದಿಂದ ಬಲಕ್ಕೆ 250, 500, 1000, 2000, 4000, 8000 ಎಂದು ಬರೆದಿರುತ್ತದೆ. ಇದು ಸ್ವರದ ಏರಿಕೆ. ಎಡಗಡೆಯದು ಮೃದಂಗದ ಎಡಬದಿಯ ದಪ್ಪ ಸ್ವರದಂತೆ, ಬಲಗಡೆಯದು ಸಿಳ್ಳಿನಂತೆ. ಮೇಲಿನಿಂದ ಕೆಳಕ್ಕೆ 0, 10, 20 ಎಂದು 100ಕ್ಕೂ ಮೀರಿ ಡೆಸಿಬೆಲ್ ಲೆಕ್ಕವಿರುತ್ತದೆ. ಇದು ಶಬ್ದದ ಜೋರು. ಪ್ರತಿಯೊಂದು ಸ್ವರವೂ ಎಷ್ಟು ಮೆಲ್ಲಗಿದ್ದಾಗ ನಮಗೆ ಕೇಳಿಸಿತೋ ಅಲ್ಲಿ ಗುರುತು ಬೀಳುತ್ತದೆ. ಆದುದರಿಂದ ಗುರುತು ಮೇಲಿದ್ದಷ್ಟೂ ಕಿವಿ ಚುರುಕು, ಕೆಳಗಿಳಿದಷ್ಟೂ ಮಂದ. ಎಲ್ಲ ಗುರುತುಗಳೂ 20ರ ಒಳಗಿದ್ದರೆ ಚಿಂತೆಯಿಲ್ಲ. 50ಕ್ಕೆ ಇಳಿದರೆ ಎದುರಿಗಿರುವವನ ಮಾಮೂಲು ಮಾತೂ ಕಷ್ಟವಾಗುತ್ತದೆ. ಕೆಂಪು ಸೊನ್ನೆ ಬಲಗಿವಿಯದು, ನೀಲಿ ಗುಣಿಸುವ ಗುರುತು ಎಡಗಿವಿಯದು.

ಇಷ್ಟನ್ನು ನೋಡಿದರೆ ಕಿವುಡು ಎಷ್ಟೆಂಬುದು ತಿಳಿಯುತ್ತದೆ, ಎಲ್ಲಿದೆಯೆಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಎರಡನೆಯ ಪರೀಕ್ಷೆಯಿದೆ. ಕಿವಿಯ ಹಿಂದಿನ ಎಲುಬಿಗೆ ಚಿಕ್ಕದೊಂದು ನಡುಗುವ ಗುಂಡಿಯನ್ನು ಒತ್ತಿಟ್ಟು ಮತ್ತೆ ಅದೇ ಸ್ವರಗಳನ್ನು ಕೇಳಿಸುತ್ತಾರೆ. ಮೊದಲ ಪರೀಕ್ಷೆಯಲ್ಲಿ ಶಬ್ದವು ಕಿವಿಯ ಓಣಿಯಲ್ಲಿ ಹೋಗಿ, ತಮಟೆಯನ್ನು ಅಲುಗಿಸಿ, ಅದರ ಹಿಂದಿನ ಮೂರು ಪುಟ್ಟ ಎಲುಬುಗಳನ್ನು ದಾಟಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಳಗಿವಿಯನ್ನು ಮುಟ್ಟುತ್ತದೆ. ಎರಡನೆಯದರಲ್ಲಿ ಈ ದಾರಿಯನ್ನೆಲ್ಲ ಬಿಟ್ಟು ತಲೆಬುರುಡೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತದೆ. ಈ ಎಲುಬಿನ ಪರೀಕ್ಷೆಗೆ ಬೇರೆ ಗುರುತು: ಬಲಗಿವಿಗೆ < ಅಥವಾ [, ಎಡಗಿವಿಗೆ > ಅಥವಾ ].

ಮುಖ್ಯ ಮಾತು ಇಲ್ಲಿದೆ. ಗಾಳಿಯ ಗೆರೆ ಕೆಳಗಿಳಿದು ಎಲುಬಿನ ಗೆರೆ ಮೇಲೆಯೇ ನಿಂತಿದ್ದರೆ, ಒಳಗಿವಿ ಸರಿಯಾಗಿದೆ, ದಾರಿ ಕಟ್ಟಿದೆ. ಇದು ವಹನದ ಕಿವುಡು. ಎರಡು ಗೆರೆಗಳೂ ಜೊತೆಯಾಗಿ ಇಳಿದಿದ್ದರೆ ದಾರಿ ಸರಿಯಾಗಿದೆ, ಒಳಗಿವಿಯೋ ಅದರ ನರವೋ ಕೆಟ್ಟಿದೆ. ಇದು ನರದ ಕಿವುಡು. ಎರಡೂ ಇಳಿದು ನಡುವೆ ಅಂತರವೂ ಉಳಿದಿದ್ದರೆ ಎರಡೂ ದೋಷ ಸೇರಿವೆ. ಐದು ಡೆಸಿಬೆಲ್ಲಿನ ಅಂತರ ಲೆಕ್ಕಕ್ಕಿಲ್ಲ; ಹದಿನೈದು ಅಥವಾ ಹೆಚ್ಚು ಇದ್ದರೆ ಅದಕ್ಕೆ ಕಾರಣ ಹುಡುಕಬೇಕು.

ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದು ಇಪ್ಪತ್ತೆರಡು ವರ್ಷದ ಮಾಣಿಯದು. ಗಿರಾಕಿ ಬಲಗಡೆಯಿಂದ ಕರೆದರೆ ತಿರುಗುವುದಿಲ್ಲ. ಅಹಂಕಾರಿಯೆಂದು ಗಲ್ಲೆಯವರಿಂದ ಬೈಗುಳ. ಬಲಗಿವಿಯ ಕೆಂಪು ಸೊನ್ನೆಗಳು ಎಲ್ಲ ಸ್ವರಗಳಲ್ಲಿಯೂ 45ರ ಸುತ್ತ ಇವೆ. ಎಲುಬಿನ ಗುರುತುಗಳು 10ರಲ್ಲಿವೆ. ಅಂತರ 35. ಒಳಗಿವಿ ಗಟ್ಟಿಯಾಗಿದೆ. ವೈದ್ಯರು ಕಿವಿಯೊಳಗೆ ದೀಪ ಹಾಕಿ ನೋಡಿದರೆ ತಮಟೆಯಲ್ಲಿ ತೂತು ಕಾಣುತ್ತದೆ. ಚಿಕ್ಕಂದಿನ ಶೀತ, ಕೀವು ಮಾಡಿಹೋದ ಕೆಲಸ ಅದು.

ಇಂಥವನಿಗೆ ಮೊದಲು ಔಷಧದಿಂದ ಸೋರಿಕೆ ನಿಲ್ಲಿಸಿ ಕಿವಿಯನ್ನು ಒಣಗಿಸುತ್ತಾರೆ. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಹಚ್ಚಿದ ಹತ್ತಿಯಿಟ್ಟು ನೀರು ತಡೆಯಬೇಕು. ಆಮೇಲೆ ಕಿವಿಯ ಮೇಲ್ಗಡೆಯ ಸ್ನಾಯುವಿನ ತೆಳುಪೊರೆಯನ್ನು ತೆಗೆದು ತೂತಿಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆಯಿದೆ. ತೇಪೆ ಹಿಡಿದು ಎಲುಬುಗಳೂ ಸರಿಯಿದ್ದರೆ ಸೊನ್ನೆಗಳು ಎಲುಬಿನ ಗೆರೆಯತ್ತ ಏರುತ್ತವೆ. ಆದರೆ ಅದನ್ನು ದಾಟಿ ಮೇಲೆ ಹೋಗಲಾರವು. ಸೋರಿಕೆಗೆ ದುರ್ವಾಸನೆಯಿದ್ದರೆ ಎಲುಬನ್ನು ತಿನ್ನುವ ರೋಗವಿರಬಹುದು; ಆಗ ಮೊದಲು ಅದನ್ನು ತೆಗೆಯಬೇಕು, ಕೇಳಿಸುವ ಮಾತು ಆಮೇಲೆ. ಇನ್ನು ಬಿಸಿ ಎಣ್ಣೆಯ ವಿಷಯ. ತೂತಿರುವ ಕಿವಿಯಲ್ಲಿ ಅದು ನೇರವಾಗಿ ಒಳಕ್ಕೆ ಇಳಿಯುತ್ತದೆ. ಬಿಡಲೇಬಾರದು. ಕಿವಿಯ ಗುಗ್ಗೆ, ತಮಟೆಯ ಹಿಂದೆ ನಿಂತ ನೀರು, ಪುಟ್ಟ ಎಲುಬು ಬಿಗಿದುಕೊಳ್ಳುವುದು, ಇವೂ ವಹನದ ಕಿವುಡಿಗೇ ಕಾರಣಗಳು.

ಎರಡನೆಯ ಕಾಗದ ಇಪ್ಪತ್ತೈದು ವರ್ಷ ಮಗ್ಗ ನಡೆಸಿದ ಅಣ್ಣನದು. 1000ದ ತನಕ ಗುರುತುಗಳು 15ರಲ್ಲಿವೆ. 2000ದಲ್ಲಿ 25, 3000ದಲ್ಲಿ 45, 4000ದಲ್ಲಿ 60; ಮತ್ತೆ 8000ದಲ್ಲಿ 40ಕ್ಕೆ ಏರಿದೆ. ಎರಡು ಕಿವಿಗಳೂ ಹೆಚ್ಚುಕಡಿಮೆ ಒಂದೇ. ಎಲುಬಿನ ಗುರುತು ಗಾಳಿಯ ಗುರುತಿನ ಜೊತೆಗೇ ಇಳಿದಿದೆ, ಅಂತರವೇ ಇಲ್ಲ. 4000ದ ಬಳಿಯ ಈ ಕಚ್ಚು ಬಹುಮಟ್ಟಿಗೆ ಶಬ್ದದ ಗುರುತು. ಮಗ್ಗದ ಶೆಡ್ಡಿನಲ್ಲಿ ಶಬ್ದ 90 ಡೆಸಿಬೆಲ್ ದಾಟುವುದು ಸಾಮಾನ್ಯ. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳುಳ್ಳ ಜೀವಕಣಗಳಿವೆ. ವರ್ಷಗಟ್ಟಲೆ ಆ ಹೊಡೆತ ತಿಂದು ಅವು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ.

ಈ ಅಣ್ಣ ಹೇಳುವುದು, "ಮಾತು ಕೇಳುತ್ತದೆ, ಅರ್ಥವಾಗುವುದಿಲ್ಲ" ಎಂದು. ಕಾಗದ ನೋಡಿದರೆ ಅದು ಸರಿಯೆ. ಸ್ವರಾಕ್ಷರಗಳ ದನಿ ಎಡಗಡೆ ಬೀಳುತ್ತದೆ, ಸ, ತ, ಕ ಮುಂತಾದ ಅಕ್ಷರಗಳ ಚೂಪು ಬಲಗಡೆ. ಸಾಲ ಎಂದದ್ದೋ ಕಾಲ ಎಂದದ್ದೋ ತಿಳಿಯದು. ಇವನಿಗೆ ಹನಿಯೂ ಇಲ್ಲ, ಎಣ್ಣೆಯೂ ಇಲ್ಲ, ಕತ್ತರಿಸಿ ಸರಿಪಡಿಸುವಂಥದೂ ಇಲ್ಲ. ಈ ಕಾಗದದ ಪ್ರಕಾರ ಹೊಂದಿಸಿದ ಮಿಷನ್ ಸಹಾಯವಾದೀತು. ಎಲ್ಲ ಸ್ವರಗಳನ್ನೂ ಒಂದೇ ಸಮ ಜೋರು ಮಾಡುವ ಅಗ್ಗದ ಮಿಷನ್ ಗದ್ದಲವನ್ನೇ ಹೆಚ್ಚಿಸುತ್ತದೆ. ಉಳಿದ ಕೇಳುವಿಕೆ ಕೆಡದಂತೆ ಕೆಲಸದಲ್ಲಿ ಕಿವಿಗೆ ಬಿರಡೆ ಬೇಕು, ಸಾಧ್ಯವಾದರೆ ಶೆಡ್ಡನ್ನೇ ಬದಲಿಸಬೇಕು. ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಶಬ್ದದಿಂದ ಬಂದ ಕಿವುಡೂ ಇದೆ. ಪರಿಹಾರ ಕೇಳುವಾಗ ಅಂತರವಿಲ್ಲದ ಈ ಎರಡು ಗೆರೆಗಳೇ ಮೊದಲ ಆಧಾರ. ಆದ್ದರಿಂದ ತಾರೀಖು ಇರುವ ಹಳೆಯ ಕಾಗದಗಳನ್ನು ಎಸೆಯಬೇಡಿ.

ಕಾಗದವೂ ದಾರಿ ತಪ್ಪಿಸುವುದುಂಟು. ರಾತ್ರಿಪಾಳಿ ಮುಗಿಸಿ ನೇರವಾಗಿ ಪರೀಕ್ಷೆಗೆ ಹೋದರೆ ಕಿವಿ ದಣಿದಿರುತ್ತದೆ, ಗೆರೆ ಇದ್ದುದಕ್ಕಿಂತ ಕೆಳಗೆ ಬರುತ್ತದೆ. ಕನಿಷ್ಠ 14 ಗಂಟೆ ಶಬ್ದದಿಂದ ದೂರವಿದ್ದು ಹೋಗಬೇಕು. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಬಲಗಿವಿಯ ಹಿಂದೆ ಗುಂಡಿಯಿಟ್ಟರೂ ಬುರುಡೆ ನಡುಗುವಾಗ ಎಡಗಿವಿಗೂ ಕೇಳುತ್ತದೆ. ಬಲಗಿವಿ ಪೂರ್ತಿ ಸತ್ತಿದ್ದರೂ ಎಡಗಿವಿ ಉತ್ತರ ಕೊಟ್ಟು, ಬಲಗಿವಿಯ ಎಲುಬಿನ ಗೆರೆ ಚೆನ್ನಾಗಿದೆಯೆಂದು ಕಾಣುತ್ತದೆ. ನರದ ಕಿವುಡು ವಹನದ ಕಿವುಡಿನ ವೇಷ ಹಾಕಿಬಿಡುತ್ತದೆ. ಇದನ್ನು ತಡೆಯಲು ಒಳ್ಳೆಯ ಕಿವಿಗೆ ಭೋರೆಂಬ ಶಬ್ದ ತುಂಬಿ ಪರೀಕ್ಷಿಸುತ್ತಾರೆ. ಹಾಗೆ ಮಾಡಿದಾಗ < ಬದಲು [ ಗುರುತು ಬೀಳುತ್ತದೆ. ಒಂದೇ ಕಿವಿ ಕೆಟ್ಟು, ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಈ ಚೌಕ ಕಂಸ ಇದೆಯೇ ಎಂದು ಕೇಳಿರಿ.

ಕೊನೆಯದಾಗಿ, ಕಾಯಬಾರದ ಒಂದು ಸಂದರ್ಭವಿದೆ. ನಿನ್ನೆ ಸರಿಯಿದ್ದ ಕಿವಿ ಇಂದು ಬೆಳಿಗ್ಗೆ ಎದ್ದಾಗ ಕೇಳದಿದ್ದರೆ ಗುಗ್ಗೆಯೆಂದು ಸುಮ್ಮನಿರಬೇಡಿ. ಅದು ಹಠಾತ್ತಾಗಿ ಬಂದ ನರದ ಕಿವುಡಿದ್ದರೆ ಸ್ಟೀರಾಯ್ಡ್ ಔಷಧದಿಂದ ಕೆಲವರಿಗೆ ಮರಳುತ್ತದೆ, ಆದರೆ ಮೊದಲ ದಿನಗಳಲ್ಲಿಯೇ ಕೊಡಬೇಕು. ಎರಡು ವಾರ ಕಳೆದರೆ ಆಸೆ ಬಹಳ ಕಡಿಮೆ. ಅಂದೇ ರಜೆ ಕೇಳಿ ಕಿವಿಯ ವೈದ್ಯರಲ್ಲಿಗೆ ಹೋಗಿರಿ. ರಜೆ ಕೊಡದಿದ್ದರೆ ಸಂಘಕ್ಕೆ ತಿಳಿಸಿರಿ.

ಕಾಗದ ಇರುವವರು ಮುಂದಿನ ಭಾನುವಾರ ತನ್ನಿರಿ. ಎರಡು ಗೆರೆಗಳ ನಡುವಿನ ಅಂತರವನ್ನು ಕೂಡಿ ಅಳೆಯೋಣ. ವೈದ್ಯರನ್ನು ಏನು ಕೇಳಬೇಕೆಂಬುದನ್ನು ಅದರ ಹಿಂಬದಿಯಲ್ಲೇ ಬರೆದುಕೊಳ್ಳೋಣ.