ಹಿಪ್ಪುನೇರಳೆ ಕಡ್ಡಿಯ ಇದ್ದಿಲು ಮತ್ತು ನಮ್ಮ ಕೆಂಪು ಮಣ್ಣು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ರೇಷ್ಮೆ ಬೆಳೆಯುವ ಯಾವ ಊರಿಗೆ ಹೋದರೂ ತೋಟದ ಬದುವಿನಲ್ಲಿ ಹಿಪ್ಪುನೇರಳೆ ಕಡ್ಡಿಯ ರಾಶಿ ಕಾಣುತ್ತದೆ. ಹುಳುವಿಗೆ ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದ ಮೇಲೆ ಪ್ರತಿ ಬೆಳೆಯ ಕೊನೆಯಲ್ಲಿ ಎಲೆ ತಿಂದು ಉಳಿದ ಕಡ್ಡಿ ಸಾಕಾಣಿಕೆ ಮನೆಯಿಂದ ಹೊರಬರುತ್ತದೆ. ಅದರಲ್ಲಿ ಒಂದು ಪಾಲು ಒಲೆಗೆ, ಇನ್ನೊಂದು ಪಾಲು ನೂಲು ಬಿಚ್ಚಾಣಿಕೆಯವರ ಬಾಂಡಲೆಯ ಕೆಳಗೆ ಹೋಗುತ್ತದೆ. ಅದಾದ ಮೇಲೂ ಉಳಿದದ್ದಕ್ಕೆ ಬದುವಿನಲ್ಲಿಯೇ ಬೆಂಕಿ ಇಡುತ್ತಾರೆ. ಹೀಗೆ ಸುಡುವ ಕಡ್ಡಿಯನ್ನು ಬೂದಿಯಾಗಲು ಬಿಡದೆ ಇದ್ದಿಲಾಗಿ ಉಳಿಸಿಕೊಂಡರೆ ಅದು ಅದೇ ತೋಟದ ಮಣ್ಣಿನಲ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಮಾತಿನ ಉದ್ದೇಶ. ಇದನ್ನೇ ಬಯೋಚಾರ್ ಎಂದು ಕರೆಯುತ್ತಾರೆ.

ಮೊದಲಿಗೆ ಒಂದು ಮಿತಿಯನ್ನು ಹೇಳಿಬಿಡುತ್ತೇನೆ. ರಾಗಿ ಹುಲ್ಲನ್ನು ಇದಕ್ಕೆ ಬಳಸಬಾರದು. ಅದು ದನದ ಮೇವು. ದನದ ಮೂಲಕ ಗೊಬ್ಬರವಾಗಿ ಹೊಲಕ್ಕೆ ಮರಳುವುದೇ ಅದರ ಸರಿಯಾದ ದಾರಿ. ಮರ ಕಡಿದು ಇದ್ದಿಲು ಮಾಡುವುದಂತೂ ಸಲ್ಲದು. ಬೇರೆ ಉಪಯೋಗವಿಲ್ಲದೆ ಸುಡುತ್ತಿರುವ ಕಡ್ಡಿ, ತೊಗರಿ ಕಟ್ಟಿಗೆ, ಚನ್ನಪಟ್ಟಣದ ತೆಂಗಿನ ತೋಟಗಳ ಗರಿಯ ದಿಂಡು, ಮಾವಿನ ಸವರಿದ ಕೊಂಬೆ, ಇವುಗಳಿಗೆ ಮಾತ್ರ ಈ ವಿಚಾರ ಅನ್ವಯಿಸುತ್ತದೆ.

ಇದ್ದಿಲು ಮಾಡುವ ಬಗೆ

ಹೈದರಾಬಾದಿನ ಕೇಂದ್ರೀಯ ಮಳೆಯಾಶ್ರಿತ ಕೃಷಿ ಸಂಶೋಧನಾ ಸಂಸ್ಥೆಯು ಬೆಳೆ ಕಟ್ಟಿಗೆಗಳಿಂದ ಇದ್ದಿಲು ಮಾಡಲು ಡ್ರಮ್ಮಿನ ಗೂಡೊಂದನ್ನು ರೂಪಿಸಿದೆ. ಆದರೆ ಡ್ರಮ್ಮೂ ಇಲ್ಲದೆ, ಬರಿಯ ಗುಂಡಿಯಲ್ಲಿ ಈ ಕೆಲಸ ಆಗುತ್ತದೆ. ಮೇಲೆ 5 ಅಡಿ, ತಳದಲ್ಲಿ 3 ಅಡಿ ಅಗಲ, ಎರಡೂವರೆ ಅಡಿ ಆಳ ಇರುವಂತೆ ಬೋಗುಣಿಯ ಆಕಾರದಲ್ಲಿ ಗುಂಡಿ ತೆಗೆಯಬೇಕು. ಕಡ್ಡಿ ಎರಡು ಮೂರು ವಾರ ಒಣಗಿ, ಮುರಿದರೆ ಲಟಕ್ಕನೆ ಮುರಿಯುವಂತಿರಬೇಕು.

ತಳದಲ್ಲಿ ಸ್ವಲ್ಪ ಕಡ್ಡಿ ಜೋಡಿಸಿ ಮೇಲಿನಿಂದ ಬೆಂಕಿ ಹಚ್ಚಬೇಕು. ಅದು ಚೆನ್ನಾಗಿ ಹತ್ತಿಕೊಂಡು ಕೆಂಡದ ಮೇಲೆ ಬಿಳಿ ಬೂದಿಯ ಪದರ ಮೂಡತೊಡಗಿದ ಕೂಡಲೇ ಮತ್ತೊಂದು ತೆಳು ಪದರ ಕಡ್ಡಿ ಹಾಕಬೇಕು. ಹೊಸ ಪದರದಿಂದ ಏಳುವ ಜ್ವಾಲೆಯು ಕೆಳಗಿಳಿಯುವ ಗಾಳಿಯ ಆಮ್ಲಜನಕವನ್ನೆಲ್ಲ ತಾನೇ ಬಳಸಿಕೊಳ್ಳುತ್ತದೆ. ಆದ್ದರಿಂದ ಕೆಳಗಿನ ಕೆಂಡ ಬೂದಿಯಾಗದೆ ಇದ್ದಿಲಾಗಿಯೇ ಉಳಿಯುತ್ತದೆ. ಬೇಗನೆ ಹೆಚ್ಚು ಕಡ್ಡಿ ಸುರಿದರೆ ಹೊಗೆ ಬರುತ್ತದೆ. ತಡಮಾಡಿದರೆ ಬೂದಿ ಹೆಚ್ಚುತ್ತದೆ. ಇಡೀ ಕೌಶಲ ಇರುವುದು ಈ ಎರಡರ ನಡುವೆ. ಗುಂಡಿ ತುಂಬಲು ಮೂರು ನಾಲ್ಕು ಗಂಟೆ ಬೇಕು. ಕೊನೆಗೆ ನೀರು ಸುರಿದು ಪೂರ್ತಿಯಾಗಿ ಆರಿಸಬೇಕು. ನೀರಿನ ಅಭಾವವಿದ್ದಲ್ಲಿ ಅರ್ಧ ಅಡಿ ಹಸಿಮಣ್ಣು ಮುಚ್ಚಿ, ಎಲ್ಲಿಯೂ ಬಿರುಕು ಬಿಡದಂತೆ ನೋಡಿಕೊಂಡು, ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಬೇಕು.

100 ಕಿಲೋ ಒಣಕಡ್ಡಿಗೆ 20ರಿಂದ 25 ಕಿಲೋ ಇದ್ದಿಲು ದೊರೆಯುತ್ತದೆ. ಒಳ್ಳೆಯ ಇದ್ದಿಲು ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಹೊಗೆಯ ವಾಸನೆ ಇರುವುದಿಲ್ಲ, ಕೈಗೆ ಅಂಟಿದ ಕಪ್ಪು ಬರಿಯ ನೀರಿನಲ್ಲಿ ಹೋಗುತ್ತದೆ. ಸೋಪು ಹಾಕಿ ಉಜ್ಜಿದರೂ ಜಿಡ್ಡು ಉಳಿದರೆ ಅದರಲ್ಲಿ ಟಾರು ಇದೆ, ಅರ್ಥಾತ್ ಕಡ್ಡಿ ಅರೆಬೆಂದಿದೆ. ಅದನ್ನು ಮುಂದಿನ ಗುಂಡಿಗೆ ಹಾಕಿ ಮತ್ತೆ ಸುಡಬೇಕು, ಮಣ್ಣಿಗೆ ಹಾಕಬಾರದು.

ರೇಷ್ಮೆ ಬೆಳೆಗಾರರು ಮರೆಯಬಾರದ ಮಾತೊಂದಿದೆ. ಹೊಗೆ ಹುಳುವಿಗೆ ಅಪಾಯಕರ. ಊರಿನಲ್ಲಿ ಯಾರ ಮನೆಯಲ್ಲಿ ಹುಳು ಇದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ನೋಡಿಕೊಂಡು, ಸಾಕಾಣಿಕೆ ಮನೆಗಳಿಂದ ಸಾಕಷ್ಟು ದೂರದಲ್ಲಿಯೇ ಗುಂಡಿ ತೆಗೆಯಬೇಕು. ಒಬ್ಬರ ಇದ್ದಿಲಿಗಾಗಿ ನೆರೆಯವರ ಬೆಳೆ ಹಾಳಾಗಬಾರದು.

ಮಣ್ಣಿನಲ್ಲಿ ಆಗುವುದೇನು?

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಬಹುಪಾಲು ಜಮೀನು ಮರಳು ಮಿಶ್ರಿತ ಕೆಂಪು ಮಣ್ಣು. ಮಳೆ ಬಂದರೆ ನೀರು ಬೇಗ ಇಳಿಯುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಒಣಗುತ್ತದೆ. ಮರಳಿನ ಕಣಗಳ ನಡುವಿನ ಸಂದು ದೊಡ್ಡದಾದ್ದರಿಂದ ನೀರನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಇದ್ದಿಲಿನೊಳಗೆ ಸಸ್ಯದ ಜೀವಕೋಶಗಳ ಗೋಡೆಗಳು ಹಾಗೆಯೇ ಉಳಿದಿರುತ್ತವೆ. ಗಿಡ ಬದುಕಿದ್ದಾಗ ನೀರು ಏರುತ್ತಿದ್ದ ಸೂಕ್ಷ್ಮ ನಾಳಗಳು ಈಗ ನೀರು ನಿಲ್ಲುವ ರಂಧ್ರಗಳಾಗುತ್ತವೆ. ಒಂದು ಕಿಲೋ ಇದ್ದಿಲು ಒಂದೆರಡು ಲೀಟರ್ ನೀರನ್ನು ಹಿಡಿಯಬಲ್ಲದು. ಆದರೆ ಅತಿ ಸಣ್ಣ ರಂಧ್ರದ ನೀರನ್ನು ಬೇರು ಎಳೆದುಕೊಳ್ಳಲಾರದು. ಆದ್ದರಿಂದ ಹಿಡಿದ ನೀರೆಲ್ಲವೂ ಗಿಡಕ್ಕೆ ದಕ್ಕುವುದಿಲ್ಲ. ಕೆರೆ ಬಯಲಿನ ಜೇಡಿಮಣ್ಣಿನಲ್ಲಿ ಈಗಾಗಲೇ ಸಣ್ಣ ರಂಧ್ರಗಳು ಹೇರಳವಾಗಿರುವ ಕಾರಣ ಅಲ್ಲಿ ನೀರಿನ ಲಾಭ ಹೆಚ್ಚಾಗಿ ಕಾಣದು.

ಎರಡನೆಯದು ಪೋಷಕಾಂಶ. ನಾವು ಹಾಕಿದ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ, ಅನಂತರ ನೈಟ್ರೇಟ್ ಆಗಿ ನೀರಿನೊಂದಿಗೆ ಇಳಿದುಹೋಗುತ್ತದೆ. ಅಮೋನಿಯಂ, ಪೊಟ್ಯಾಷ್, ಸುಣ್ಣ ಇವು ಧನ ವಿದ್ಯುದಂಶವುಳ್ಳವು. ಇದ್ದಿಲಿನ ಮೇಲ್ಮೈ ಮಣ್ಣಿನಲ್ಲಿ ಹಳೆಯದಾದಂತೆ ಋಣ ವಿದ್ಯುದಂಶ ಪಡೆದು ಇವುಗಳನ್ನು ಹಿಡಿದುಕೊಂಡು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಕೆಂಪು ಮಣ್ಣಿನ ಜೇಡಿಗೆ ಈ ಹಿಡಿತ ಕಡಿಮೆ ಇರುವುದರಿಂದ ಇದು ನಮಗೆ ಮುಖ್ಯ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಎಂಜಿನಿಯರಿಂಗ್ ಓದಿದವನಾದ ನಾನು ಇದ್ದಿಲನ್ನು ಸಿಮೆಂಟಿಗೆ ಬೆರೆಸುವ ಜಲ್ಲಿಯಂತೆ ಎಣಿಸಿ, ನಮ್ಮ ಮನೆಯ ತೋಟದಲ್ಲಿ ಹೊಸ ಇದ್ದಿಲನ್ನು ನೇರವಾಗಿ ಗಿಡದ ಬುಡಕ್ಕೆ ಬೆರೆಸಿದೆ. ಮೂರೇ ವಾರದಲ್ಲಿ ಎಲೆ ಹಳದಿಯಾಯಿತು. ಹಸಿದ ಇದ್ದಿಲು ಮಣ್ಣಿನಲ್ಲಿದ್ದ ಸಾರಜನಕವನ್ನು ತಾನೇ ಹಿಡಿದುಕೊಂಡಿತ್ತು. ಅದರಲ್ಲಿ ಉಳಿದಿದ್ದ ಸುಲಭದ ಇಂಗಾಲವನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳೂ ಗಿಡದ ಪಾಲನ್ನೇ ಬಳಸಿಕೊಂಡಿದ್ದವು. “ಒಲೆಯ ಇದ್ದಿಲನ್ನು ನಾವು ತಿಪ್ಪೆಗೆ ಹಾಕುತ್ತಿದ್ದೆವು, ಬುಡಕ್ಕೆ ಯಾರಪ್ಪ ಹಾಕುತ್ತಾರೆ?” ಎಂದು ನಮ್ಮ ಅಜ್ಜಿ ಕೇಳಿದರು. ಉತ್ತರ ಆ ಮಾತಿನಲ್ಲಿಯೇ ಇತ್ತು.

ಇದ್ದಿಲಿಗೆ ಮೊದಲು ಉಣಿಸಬೇಕು. ರೇಷ್ಮೆ ಬೆಳೆಗಾರರ ಬಳಿ ಅದಕ್ಕೆ ಬೇಕಾದ ವಸ್ತು ಇದೆ. ಅದು ಹುಳುವಿನ ಹಿಕ್ಕೆ ಮತ್ತು ತಿಂದುಳಿದ ಸೊಪ್ಪು. ರೋಗ ಹರಡುವುದರಿಂದ ಹಸಿ ಹಿಕ್ಕೆಯನ್ನು ನೇರವಾಗಿ ತೋಟಕ್ಕೆ ಹಾಕಬಾರದು, ಕಾಂಪೋಸ್ಟ್ ಮಾಡಿಯೇ ಹಾಕಬೇಕು. ಆ ಗುಂಡಿಯಲ್ಲಿ ನಾಲ್ಕು ಬುಟ್ಟಿ ಹಿಕ್ಕೆ, ಸೊಪ್ಪು, ಸಗಣಿಗೆ ಒಂದು ಬುಟ್ಟಿ ಪುಡಿಮಾಡಿದ ಇದ್ದಿಲನ್ನು ಪದರ ಪದರವಾಗಿ ಹಾಕಿ, ಗಂಜಲ ಬೆರೆಸಿದ ನೀರು ಚಿಮುಕಿಸಿ, ಮಣ್ಣು ಮುಚ್ಚಿ ಮೂರು ತಿಂಗಳು ಬಿಡಬೇಕು. ಗುಂಡಿಯಿಂದ ಏಳುವ ಘಾಟು ವಾಸನೆಯೇ ಹಾರಿಹೋಗುವ ಸಾರಜನಕ. ಇದ್ದಿಲು ಅದರಲ್ಲಿ ಒಂದು ಭಾಗವನ್ನು ಹೀರಿಕೊಳ್ಳುವುದರಿಂದ ವಾಸನೆಯೂ ತಗ್ಗುತ್ತದೆ, ಗೊಬ್ಬರದ ಸತ್ವವೂ ಉಳಿಯುತ್ತದೆ. ಇದ್ದಿಲಿನ ಪುಡಿ ಮುಖಕ್ಕೆ ಹಾರದಂತೆ ಒದ್ದೆಯಾಗಿರುವಾಗಲೇ ಕುಟ್ಟುವುದು ಒಳ್ಳೆಯದು.

ಮೂರನೆಯದು ಮಣ್ಣಿನ ಜೀವಿಗಳು. ಇದ್ದಿಲು ಅವುಗಳಿಗೆ ಮನೆಯೇ ಹೊರತು ಊಟವಲ್ಲ. ಅದರ ರಂಧ್ರಗಳಲ್ಲಿ ತೇವ ಉಳಿಯುತ್ತದೆ. ಬ್ಯಾಕ್ಟೀರಿಯಾಗಳನ್ನು ಮೇಯುವ ದೊಡ್ಡ ಜೀವಿಗಳು ಒಳಗೆ ನುಗ್ಗಲಾರವು. ಬೇರಿನೊಂದಿಗೆ ಬಾಳುತ್ತ ರಂಜಕ ತಂದುಕೊಡುವ ಶಿಲೀಂಧ್ರದ ಎಳೆಗಳೂ ಈ ರಂಧ್ರಗಳೊಳಗೆ ಹಬ್ಬುತ್ತವೆ. ಆದರೆ ಆಹಾರ ಬರಬೇಕಾದದ್ದು ಗೊಬ್ಬರದಿಂದ ಮತ್ತು ಬೇರಿನಿಂದ. ಗೊಬ್ಬರವಿಲ್ಲದ ಹೊಲಕ್ಕೆ ಇದ್ದಿಲು ಮಾತ್ರ ಹಾಕಿದರೆ ಖಾಲಿ ಮನೆ ಕಟ್ಟಿದಂತಾಗುತ್ತದೆ.

ಎಷ್ಟು, ಎಲ್ಲಿ?

ಒಂದು ಎಕರೆಯ ಮೇಲ್ಮಣ್ಣು ಅರ್ಧ ಅಡಿ ಆಳಕ್ಕೆ ಸುಮಾರು 900 ಟನ್ ತೂಗುತ್ತದೆ. ಅದರ ಮೇಲೆ 450 ಕಿಲೋ ಇದ್ದಿಲು ಎರಚಿದರೆ ಎರಡು ಸಾವಿರದಲ್ಲಿ ಒಂದು ಪಾಲು. ಗಿಡಕ್ಕೆ ಅದರ ಅರಿವೂ ಆಗದು. ಅದೇ ಇದ್ದಿಲನ್ನು ಬೇರಿನ ಬಳಿ ಇಟ್ಟರೆ ಲೆಕ್ಕ ಬದಲಾಗುತ್ತದೆ. 10 ಅಡಿಗೆ 10 ಅಡಿ ಅಂತರದ ಮರ ಪದ್ಧತಿಯ ಹಿಪ್ಪುನೇರಳೆಯಲ್ಲಿ ಎಕರೆಗೆ ಸುಮಾರು 435 ಗಿಡಗಳಿರುತ್ತವೆ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ 4 ಅಡಿ ಉದ್ದ, ಅರ್ಧ ಅಡಿ ಅಗಲ, 1 ಅಡಿ ಆಳದ ಅರ್ಧಚಂದ್ರಾಕಾರದ ಕಾಲುವೆ ತೆಗೆದರೆ ಸುಮಾರು 80 ಕಿಲೋ ಮಣ್ಣು ಬರುತ್ತದೆ. ಒಂದು ಕಿಲೋ ಇದ್ದಿಲು ಇರುವಷ್ಟು ಕಾಂಪೋಸ್ಟನ್ನು ಅದಕ್ಕೆ ಬೆರೆಸಿ ಮುಚ್ಚಿದರೆ ಶೇಕಡ ಒಂದಕ್ಕಿಂತ ತುಸು ಹೆಚ್ಚಾಗುತ್ತದೆ. ಈ ಪ್ರಮಾಣಕ್ಕೆ ಮಣ್ಣು ಸ್ಪಂದಿಸುತ್ತದೆ.

500 ಕಿಲೋ ಒಣಕಡ್ಡಿಯ ಒಂದು ಗುಂಡಿಯಿಂದ 100 ಕಿಲೋ ಇದ್ದಿಲು, ಅಂದರೆ 100 ಗಿಡಕ್ಕೆ ಆಯಿತು. ನಾಲ್ಕೈದು ಗುಂಡಿಗಳಲ್ಲಿ ಎಕರೆ ಮುಗಿಯುತ್ತದೆ. ಕಾಲುವೆಗಳನ್ನು ಒಂದೇ ಸಲ ತೆಗೆಯಬೇಕಾಗಿಲ್ಲ. ಪ್ರತಿ ಬೆಳೆಯ ನಂತರ ಒಂದಷ್ಟು ಸಾಲು ಮಾಡಿದರೆ ಸಾಕು. ಒಮ್ಮೆ ಹಾಕಿದ ಇದ್ದಿಲು ಹತ್ತಾರು ವರ್ಷ ಉಳಿಯುವುದರಿಂದ ಪ್ರತಿ ವರ್ಷ ಹಾಕುವ ಅಗತ್ಯವಿಲ್ಲ. ಅಮೆಜಾನ್ ಕಾಡಿನಲ್ಲಿ ಹಿಂದಿನ ಜನರು ಇದ್ದಿಲು, ಮೂಳೆ, ಕಸ ಬೆರೆಸಿದ ಕಪ್ಪು ಮಣ್ಣು ನೂರಾರು ವರ್ಷಗಳ ನಂತರವೂ ಸುತ್ತಲಿನ ಮಣ್ಣಿಗಿಂತ ಫಲವತ್ತಾಗಿದೆ.

ಆದರೆ ಉಳಿಯುವ ವಸ್ತುವನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಇದ್ದಿಲಿನೊಂದಿಗೆ ಇರುವ ಬೂದಿ ಕ್ಷಾರೀಯ. ಹುಳಿ ಇರುವ ಕೆಂಪು ಮಣ್ಣಿಗೆ ಅದು ಹಿತ. ಗಡಸು ಕೊಳವೆಬಾವಿ ನೀರು ಹಾಯಿಸಿ ಹಾಯಿಸಿ ರಸಸಾರ ಈಗಾಗಲೇ 8ರ ಹತ್ತಿರ ಬಂದಿರುವ ತೋಟಗಳಲ್ಲಿ ಅದು ಕಬ್ಬಿಣ, ಸತುವು ಗಿಡಕ್ಕೆ ಸಿಗದಂತೆ ಮಾಡಿ ಎಳೆಯ ಎಲೆಯನ್ನು ಬಿಳಿಚಿಸುತ್ತದೆ. ಆದುದರಿಂದ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ ನೋಡದೆ ಯಾರೂ ಮುಂದುವರಿಯಬಾರದು. ಈ ಪರೀಕ್ಷೆಗೆ ಹಾಗೂ ಸಲಹೆಗೆ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಸದಸ್ಯರು ಮಾಡಬಹುದಾದದ್ದು

ತಮ್ಮ ಗ್ರಾಮಸಭೆಯಲ್ಲಿ ಇದನ್ನು ನಂಬಿ ಎಂದು ಹೇಳುವ ಬದಲು ತೋರಿಸಿರಿ. ತಳದಲ್ಲಿ ತೂತು ಮಾಡಿದ ಎರಡು ಡಬ್ಬಿಗಳಲ್ಲಿ ಒಂದೇ ಹೊಲದ ಒಣಮಣ್ಣನ್ನು ಒಂದೇ ತೂಕದಲ್ಲಿ ತುಂಬಿ, ಒಂದಕ್ಕೆ ಮಾತ್ರ ಎರಡು ಹಿಡಿ ಇದ್ದಿಲು ಬೆರೆಸಿರಿ. ಎರಡಕ್ಕೂ ಸಮನಾಗಿ ನೀರು ಹಾಕಿ, ಕೆಳಗೆ ಸೋರಿದ್ದನ್ನು ಅಳೆಯಿರಿ. ನೀರು ಸೋರುವುದು ನಿಂತ ಮೇಲೆ ಡಬ್ಬಿಗಳನ್ನು ತೂಗಿ, ನೆರಳಿನಲ್ಲಿಟ್ಟು ಮೂರು ದಿನದ ನಂತರ ಮತ್ತೆ ತೂಗಿರಿ. ತಮ್ಮ ಊರಿನ ಮಣ್ಣಿಗೆ ಇದು ಎಷ್ಟು ಉಪಯೋಗ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಅನಂತರ ಒಪ್ಪಿದ ಒಬ್ಬ ರೈತರ ತೋಟದಲ್ಲಿ ಎರಡು ಸಾಲಿಗೆ ಇದ್ದಿಲು ಬೆರೆಸಿದ ಕಾಂಪೋಸ್ಟ್, ಪಕ್ಕದ ಎರಡು ಸಾಲಿಗೆ ಅಷ್ಟೇ ಬರಿಯ ಕಾಂಪೋಸ್ಟ್ ಹಾಕಿಸಿ, ನಾಲ್ಕು ಬೆಳೆಗಳ ಸೊಪ್ಪನ್ನು ಪ್ರತ್ಯೇಕವಾಗಿ ತೂಗಿಸಿರಿ. ಪಕ್ಕದ ಸಾಲಿಲ್ಲದಿದ್ದರೆ ಲಾಭ ಗೊಬ್ಬರದ್ದೋ ಇದ್ದಿಲಿನದೋ ಎಂಬುದು ಎಂದಿಗೂ ತಿಳಿಯದು. ಆ ಲೆಕ್ಕ ಕೈಗೆ ಬರುವವರೆಗೆ ಚೀಲದಲ್ಲಿ ಮಾರಾಟಕ್ಕೆ ಬರುವ ಬಯೋಚಾರ್ ಕೊಳ್ಳಲು ರೈತರಿಗೆ ಶಿಫಾರಸು ಮಾಡಬಾರದೆಂದೂ, ಕೊಳವೆಬಾವಿಯ ನೀರು ಇಷ್ಟು ಉಳಿಯುತ್ತದೆ ಎಂದು ಯಾರಿಗೂ ಮಾತು ಕೊಡಬಾರದೆಂದೂ ವಿನಂತಿಸುತ್ತೇನೆ. ಮುಂದಿನ ಬೆಳೆಯ ಕಡ್ಡಿ ಬದುವಿಗೆ ಬರುವ ಮೊದಲು ತಮ್ಮ ಪಂಚಾಯಿತಿಯಲ್ಲಿ ಒಂದು ಗುಂಡಿ ಸಿದ್ಧವಾಗಿದ್ದರೆ ಈ ಮಾತಿನ ಉದ್ದೇಶ ನೆರವೇರಿದಂತೆ.