ಯಾವ ನೂರಕ್ಕೆ ಇಪ್ಪತ್ತು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಬಹಳ ಮಂದಿ ಮನೆಯಿಂದಲೇ ಏನಾದರೊಂದು ಮಾರುತ್ತೇವೆ. ಒಬ್ಬರು ಚಟ್ನಿಪುಡಿ, ಒಬ್ಬರು ಹೋಳಿಗೆ, ನಾನು ಇಳಕಲ್ ಸೀರೆ. ಹಾಗಾಗಿ ಇವತ್ತು ಲಾಭ-ನಷ್ಟದ ಶೇಕಡಾ ಲೆಕ್ಕದ ಬಗ್ಗೆ ಮಾತಾಡು ಅಂತ ಕಾರ್ಯದರ್ಶಿಗಳು ಹೇಳಿದಾಗ ನನಗೆ ನಗು ಬಂತು. ಆ ಲೆಕ್ಕದಲ್ಲಿ ನಾನು ಹೇಗೆ ಮುಗ್ಗರಿಸಿದೆ ಅನ್ನುವುದು ಅವರಿಗೆ ಗೊತ್ತು. ಅದನ್ನೇ ಹೇಳುತ್ತೇನೆ.

ಪುಣೆಗೆ ಬಂದ ಮೇಲೆ ಮೊದಲ ಸಲ ದೀಪಾವಳಿ ಪ್ರದರ್ಶನದಲ್ಲಿ ಮಳಿಗೆ ಹಾಕಬೇಕು ಅಂದುಕೊಂಡೆ. ನಮ್ಮ ಅತ್ತೆಯವರು ತಮ್ಮ ಉಳಿತಾಯದ 35,000 ರೂಪಾಯಿ ಕೈಗೆ ಕೊಟ್ಟರು. ಊರಿನಿಂದ 20 ಸೀರೆ ತರಿಸಿದೆ, ಒಂದಕ್ಕೆ 1,500 ರೂಪಾಯಿ, ಒಟ್ಟು 30,000. ನೂರಕ್ಕೆ 25 ಲಾಭ ಇರಲಿ ಅಂತ ಒಂದೊಂದರ ಮೇಲೂ 375 ರೂಪಾಯಿ ಸೇರಿಸಿ 1,875ರ ಚೀಟಿ ಅಂಟಿಸಿದೆ. ಪ್ರದರ್ಶನದ ದಿನ ನೋಡಿದರೆ ಅಕ್ಕಪಕ್ಕದ ಮಳಿಗೆಗಳಲ್ಲೆಲ್ಲ ರಿಯಾಯಿತಿಯ ಬೋರ್ಡು. ನಾನೂ ರಟ್ಟಿನ ಮೇಲೆ ‘ಶೇ. 20 ರಿಯಾಯಿತಿ’ ಅಂತ ಬರೆದು ತೂಗುಹಾಕಿದೆ. ಇಪ್ಪತ್ತೈದರಲ್ಲಿ ಇಪ್ಪತ್ತು ಹೋದರೆ ಇನ್ನೂ ಐದು ಉಳಿಯುತ್ತಲ್ಲ, 30,000ಕ್ಕೆ 1,500 ರೂಪಾಯಿ ಸಿಕ್ಕರೂ ಮೊದಲ ಸಲಕ್ಕೆ ಸಾಕು ಅಂತ ನನ್ನ ಲೆಕ್ಕ. ಸಂಜೆಯೊಳಗೆ ಇಪ್ಪತ್ತೂ ಸೀರೆ ಖಾಲಿ.

ಮನೆಗೆ ಬಂದು ಚೀಲ ಬಿಚ್ಚಿ ಎಣಿಸಿದರೆ ಸರಿಯಾಗಿ 30,000! ಎರಡು ಸಲ ಎಣಿಸಿದೆ. ಹಣ ಎಲ್ಲೋ ಬಿದ್ದುಹೋಗಿರಬೇಕು ಅಂತ ಚೀಲ ಕೊಡವಿದೆ. ಅತ್ತೆಯವರು ಪಕ್ಕದಲ್ಲೇ ಕೂತು, “ಎಷ್ಟು ಗಳಿಸಿದಿ ಹೇಳವಾ?” ಅಂತ ಕೇಳುತ್ತಿದ್ದಾರೆ.

ಮರುದಿನ ನಮ್ಮ ಕಟ್ಟಡದ ಕೆಳಗಿನ ಕಿರಾಣಿ ಅಂಗಡಿಯ ಕಾಕಾ ಹತ್ತಿರ ಈ ಗೋಳು ಹೇಳಿಕೊಂಡೆ. ಅವರು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ವಹಿನಿ, ಟಕ್ಕೆ ಕಶಾವರ್?” ಅಂದರೆ, ಶೇಕಡಾ ಯಾವುದರ ಮೇಲೆ?

ನಾನು ಸೇರಿಸಿದ 25, ಕೊಂಡ ಬೆಲೆಯಾದ 1,500ರ ಮೇಲೆ. ಅದು 375 ರೂಪಾಯಿ. ಬಿಟ್ಟುಕೊಟ್ಟ 20, ಚೀಟಿಯ ಮೇಲಿದ್ದ 1,875ರ ಮೇಲೆ. ಅದೂ 375 ರೂಪಾಯಿಯೇ! ಎರಡು ನೂರುಗಳೂ ಬೇರೆ ಬೇರೆ ಆಗಿರುವಾಗ ಇಪ್ಪತ್ತೈದರಿಂದ ಇಪ್ಪತ್ತನ್ನು ಕಳೆಯುವ ಹಾಗೇ ಇಲ್ಲ.

ಕಾಕಾ ತಮ್ಮದೇ ಅಂಗಡಿಯ ಉದಾಹರಣೆ ಕೊಟ್ಟರು. ಪೊಟ್ಟಣದ ಮೇಲೆ ಛಾಪಿಸಿದ ಬೆಲೆ 100 ರೂಪಾಯಿ ಅನ್ನಿ. ಮಾಲು ಹಾಕುವವನು “ಇಪ್ಪತ್ತು ಮಾರ್ಜಿನ್” ಅಂದರೆ ಅದು ಮಾರುವ ಬೆಲೆಯ ಮೇಲಿನ ಇಪ್ಪತ್ತು. ಕಾಕಾಗೆ ಅದು 80ಕ್ಕೆ ಸಿಗುತ್ತದೆ. 80 ಹಾಕಿ 20 ಗಳಿಸಿದರೆ, ಶಾಲೆಯ ಲೆಕ್ಕದಲ್ಲಿ ಲಾಭ ನೂರಕ್ಕೆ 25. ಏಕೆಂದರೆ ಶಾಲೆಯಲ್ಲಿ ಲಾಭವನ್ನಾಗಲೀ ನಷ್ಟವನ್ನಾಗಲೀ ಯಾವಾಗಲೂ ಕೊಂಡ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸುತ್ತೇವೆ. ಅಂಗಡಿಯವರ ಮಾತು ಒಂದು, ಪುಸ್ತಕದ ಮಾತು ಒಂದು. ಎರಡೂ ಸರಿಯೇ. ಆದರೆ ಒಂದನ್ನು ಕೇಳಿಸಿಕೊಂಡು ಇನ್ನೊಂದರಲ್ಲಿ ಲೆಕ್ಕ ಹಾಕಿದರೆ ನನ್ನ ಗತಿ.

ಹೋಗಲಿ, ಲಾಭವಿಲ್ಲದಿದ್ದರೂ ನಷ್ಟವಂತೂ ಆಗಲಿಲ್ಲ ಅಂದುಕೊಂಡೆ. “ಉಳಿದ ಐದು ಸಾವಿರ ಎಲ್ಲಿ?” ಅಂತ ಅತ್ತೆಯವರು ಕೇಳುವವರೆಗೆ. ಸೀರೆಗಳಿಗೆ ಫಾಲ್ ಮತ್ತು ಪಿಕೊ ಮಾಡಿಸಲು ಒಂದಕ್ಕೆ 100ರಂತೆ 2,000, ಪಾರ್ಸಲ್ ಮತ್ತು ಆಟೋಗೆ 1,000, ಮಳಿಗೆಯ ಬಾಡಿಗೆ 2,000. ಇವನ್ನೆಲ್ಲ ನಾನು ‘ಖರ್ಚು’ ಅಂತ ಬೇರೆ ಪುಟದಲ್ಲಿ ಬರೆದಿದ್ದೆ. ಮಾಲನ್ನು ಮಾರಾಟಕ್ಕೆ ತರುವವರೆಗಿನ ಇಂಥ ಮೇಲುಖರ್ಚನ್ನು ಕೊಂಡ ಬೆಲೆಗೇ ಸೇರಿಸಬೇಕು ಅನ್ನುವುದು ಶಾಲೆಯ ಗಣಿತದ ಪಾಠವೇ. ಮಗನಿಗೆ ಹೇಳಿಕೊಟ್ಟಿದ್ದೆ, ನನಗೆ ಹೇಳಿಕೊಳ್ಳಲಿಲ್ಲ. 5,000ವನ್ನು ಇಪ್ಪತ್ತರಿಂದ ಭಾಗಿಸಿದರೆ ಸೀರೆಗೆ 250. ಅಂದರೆ ನಿಜವಾದ ಅಸಲು 1,500 ಅಲ್ಲ, 1,750. ಅದನ್ನು 1,500ಕ್ಕೆ ಮಾರಿದ್ದರಿಂದ ಸೀರೆಗೆ 250 ರೂಪಾಯಿ ನಷ್ಟ, ಶೇಕಡಾ 14ಕ್ಕಿಂತ ಹೆಚ್ಚು. ರಿಯಾಯಿತಿ ಕೊಡದೆ 1,875ಕ್ಕೇ ಮಾರಿದ್ದರೂ ಸಿಗುತ್ತಿದ್ದುದು 125 ರೂಪಾಯಿ, ಅದು ಶೇಕಡಾ 7ರ ಆಸುಪಾಸು. ನಾನು ಕನಸು ಕಂಡ 25 ಅಲ್ಲಿ ಇರಲೇ ಇಲ್ಲ. ಮೂರು ದಿನ ಬೆನ್ನು ಬಗ್ಗಿಸಿ ಸೀರೆ ಮಡಚಿದ ನನ್ನ ದುಡಿಮೆಗೆ ನಾನು ಬೆಲೆ ಕಟ್ಟಿಲ್ಲ, ಅದನ್ನೂ ನೆನಪಿಡಿ.

ಮುಂದಿನ ವರ್ಷ ಮತ್ತೆ 20 ಸೀರೆ, ಅದೇ ಬೆಲೆ, ಅದೇ ಖರ್ಚು. ಈ ಸಲ ಕೊನೆಯಿಂದ ಮೊದಲಿಗೆ ಬಂದೆ. ಅಸಲು 1,750. ಅದರ ಮೇಲೆ ಶೇಕಡಾ 20 ಲಾಭ ಬೇಕಾದರೆ ಕೈಗೆ 2,100 ಬರಬೇಕು. ಜನಕ್ಕೆ ಶೇಕಡಾ 10 ರಿಯಾಯಿತಿ ತೋರಿಸಬೇಕು, ಹಾಗಾದರೆ ಚೀಟಿಯಲ್ಲಿ ಎಷ್ಟಿರಬೇಕು? 2,100ಕ್ಕೆ ಹತ್ತು ಪರ್ಸೆಂಟ್ ಸೇರಿಸಿ 2,310 ಬರೆಯಬಾರದು. ಅದರಲ್ಲಿ ಹತ್ತು ಪರ್ಸೆಂಟ್ ತೆಗೆದರೆ 2,079 ಆಗಿ 21 ರೂಪಾಯಿ ಕಡಿಮೆ ಬೀಳುತ್ತದೆ. ರಿಯಾಯಿತಿ ಹೋದ ಮೇಲೆ ಚೀಟಿಯ ನೂರರಲ್ಲಿ 90 ಉಳಿಯುತ್ತದೆ, ಆ 90ರ ಭಾಗವೇ ನಮ್ಮ 2,100. ಆದ್ದರಿಂದ 2,100ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. 2,333 ಬಂತು, ನಾನು 2,340 ಅಂತ ಬರೆದೆ. ಹತ್ತು ಪರ್ಸೆಂಟ್ ಕಳೆದರೆ 2,106. ಆ ಆರು ರೂಪಾಯಿಯನ್ನು ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷ 18 ಸೀರೆ ಹೋದವು. ಬಂದದ್ದು 37,800, ಹಾಕಿದ್ದು 35,000. ಕೈಯಲ್ಲಿ ಹೆಚ್ಚಾಗಿ ಕಂಡದ್ದು 2,800 ಮಾತ್ರ. ಮತ್ತೆ ಮೋಸಹೋದೆನೇ ಅಂತ ಎದೆ ಧಸಕ್ ಅಂತು. ಆದರೆ ಮಾರದೆ ಉಳಿದ ಎರಡು ಸೀರೆಗಳಲ್ಲಿ, ಫಾಲ್ ಮತ್ತು ಸಾಗಣೆ ಸೇರಿ ಒಂದಕ್ಕೆ 1,650ರಂತೆ, 3,300 ರೂಪಾಯಿ ಕಪಾಟಿನಲ್ಲಿ ಕೂತಿತ್ತು. ಅದು ನಷ್ಟವಲ್ಲ, ಮಾಲು. ಮಾರಿದ ಹದಿನೆಂಟರ ಅಸಲು ಬಾಡಿಗೆ ಸೇರಿ 31,700, ಲಾಭ 6,100. ಶೇಕಡಾ ಲೆಕ್ಕಕ್ಕೆ 19ಕ್ಕಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ಏಕೆ ಬರಲಿಲ್ಲ ಅಂದರೆ, ಮಳಿಗೆಯ ಬಾಡಿಗೆಯನ್ನು 20 ಸೀರೆ ಹೊರುತ್ತವೆ ಅಂತ ಎಣಿಸಿದ್ದೆ, ಹೊತ್ತದ್ದು ಹದಿನೆಂಟೇ. ಕಡಿಮೆ ಮಾರಾಟವಾದಷ್ಟೂ ಒಂದೊಂದರ ಅಸಲು ಏರುತ್ತದೆ. ಹಾಗಾಗಿ ಈಗ ನಾನು ಬಾಡಿಗೆಯನ್ನು ಮೊದಲೇ ಹದಿನೈದು ಸೀರೆಗಳ ಮೇಲೆ ಹಂಚಿ ಚೀಟಿ ಬರೆಯುತ್ತೇನೆ.

ಉಳಿದ ಎರಡರಲ್ಲಿ ಒಂದನ್ನು ಅತ್ತೆಯವರು ಉಟ್ಟುಕೊಂಡರು. ಅದನ್ನು ಯಾವ ಪುಟದಲ್ಲಿ ಬರೆಯಬೇಕು ಅಂತ ಮಾತ್ರ ಕಾಕಾಗೂ ಗೊತ್ತಾಗಲಿಲ್ಲ.