ಕೋಟಿ ಕೋಡಿಯಾದ ಕಥೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಅಮೆರಿಕದಲ್ಲಿ ನೀನು ಮಕ್ಕಳಿಗೆ ಏನು ಹೇಳಿಕೊಡುತ್ತೀಯೋ ಅದನ್ನೇ ಒಂದಿಷ್ಟು ಮಾತಾಡು ಎಂದು ಸಮಿತಿಯವರು ಹೇಳಿದರು. ನಾನು ಅಲ್ಲಿ ಹೇಳಿಕೊಡುವುದು ದೊಡ್ಡದೇನಲ್ಲ. ನ್ಯೂಜೆರ್ಸಿಯಲ್ಲಿ ಭಾನುವಾರ ಬೆಳಿಗ್ಗೆ ಹದಿನೈದಿಪ್ಪತ್ತು ಮಕ್ಕಳಿಗೆ ಕನ್ನಡ, ಮೊದಲಿಗೆ ಒಂದು ಸಣ್ಣ ಪ್ರಾರ್ಥನೆ. ಇವತ್ತು ಹೇಳಹೊರಟಿರುವುದು ಆ ಪ್ರಾರ್ಥನೆ ಕಲಿಸಲು ಮಾಡಿದ ನಾಲ್ಕೂವರೆ ನಿಮಿಷದ ಒಂದು ವಿಡಿಯೋ ವಿಷಯ. ಅದನ್ನು ಸರಿಯಾಗಿ ಮಾಡಲು ನನಗೆ ಎರಡು ತಿಂಗಳು ಹಿಡಿಯಿತು.

ನಾನು ಹೇಳಿಕೊಡುವ ಕ್ರಮ ನಿಮಗೆಲ್ಲ ಗೊತ್ತಿರುವುದೇ. ಇದೇ ಮೈದಾನದಲ್ಲಿ ಬೆಳಿಗ್ಗೆ ಒಬ್ಬಳು ಮುಂದೆ ನಿಂತು ಹೇಳುತ್ತಿದ್ದಳು, ನಾವೆಲ್ಲ ಹಿಂದಿನಿಂದ ಹೇಳುತ್ತಿದ್ದೆವು. ಪ್ರೈಮರಿಯಲ್ಲಿ ಮಗ್ಗಿ ಕಲಿತದ್ದೂ ಹಾಗೆಯೇ. ವೇದಪಾಠದವರು ಇದಕ್ಕೆ ಸಂಥೆ ಎನ್ನುತ್ತಾರೆ: ಗುರು ಒಂದು ಸಲ, ಶಿಷ್ಯ ಎರಡು ಸಲ. 2020ರ ಮಾರ್ಚ್‌ವರೆಗೆ ನಾನೂ ಹಾಗೆಯೇ ಹೇಳಿಕೊಡುತ್ತಿದ್ದೆ. ಆಮೇಲೆ ಕೋವಿಡ್ ಬಂದು ತರಗತಿ ಕಂಪ್ಯೂಟರಿನೊಳಗೆ ಹೋಯಿತು. ಅಲ್ಲಿ ಎಲ್ಲರೂ ಒಟ್ಟಿಗೆ ಹೇಳುವುದು ಆಗುವುದೇ ಇಲ್ಲ. ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬರುತ್ತದೆ. ಎಲ್ಲರೂ ಬಾಯಿ ತೆರೆದರೆ ಯಂತ್ರ ಒಬ್ಬರ ದನಿಯನ್ನು ಎತ್ತಿ ಉಳಿದವರದನ್ನು ಅಡಗಿಸುತ್ತದೆ. ಮಕ್ಕಳ ಮೈಕು ಮುಚ್ಚಿಸಿ ಹೇಳಿಕೊಟ್ಟರೆ ಅವರು ಏನು ಹೇಳುತ್ತಿದ್ದಾರೆಂದು ನನಗೆ ಕೇಳದು. ಅದಕ್ಕೇ, ಮನೆಯಲ್ಲಿ ಒಬ್ಬೊಬ್ಬರೇ ಹಾಕಿಕೊಂಡು ಕಲಿಯಲಿ ಎಂದು ವಿಡಿಯೋ ಮಾಡಿದೆ. ಆರಿಸಿದ್ದು ಗಣಪತಿಯ ವಕ್ರತುಂಡ ಶ್ಲೋಕ. ಕೆಲಸಕ್ಕೆ ಅಡ್ಡಿ ಬಾರದಿರಲಿ ಎಂದು ಕೇಳುವುದು, ಅಷ್ಟೇ. ಎಂಟು ಅಕ್ಷರದ ನಾಲ್ಕು ಪಾದ, ಒಟ್ಟು 32 ಅಕ್ಷರ.

32 ಅಕ್ಷರ ತಾನೇ ಎಂದು ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ ಒಂದೇ ಸಂಜೆಯಲ್ಲಿ ಮುಗಿಸಿಬಿಟ್ಟೆ. ಒಂದು ಅಕ್ಷರ ಹೇಳುವುದು, ಬಿಡುವು ಕೊಡುವುದು, ಮುಂದಿನ ಅಕ್ಷರ. ಕೆಳಗೆ ಇಂಗ್ಲಿಷ್ ಲಿಪಿಯಲ್ಲಿ ಬರಹ. ಆ ವಿಡಿಯೋದಲ್ಲಿ ಇದ್ದ ತಪ್ಪುಗಳೆಲ್ಲ ನನ್ನವೇ.

ಮೊದಲನೆಯದು, ಎಲ್ಲಿ ಕತ್ತರಿಸಬೇಕು ಎಂಬುದು. ನಾನು ಬರೆಯುವ ಅಕ್ಷರದ ಹಾಗೆ ಕತ್ತರಿಸಿದ್ದೆ. ‘ನಿರ್ವಿಘ್ನಂ’ ಎಂಬುದನ್ನು ನಿ, ರ್ವಿ, ಘ್ನಂ ಎಂದು. ಹೇಳಿ ನೋಡಿ, ‘ರ್ವಿ’ ಎಂದು ಶುರು ಮಾಡಲು ನಮ್ಮ ನಾಲಿಗೆಯೇ ಒಪ್ಪುವುದಿಲ್ಲ. ಮಕ್ಕಳು ‘ರವಿ’ ಎಂದರು, ‘ಗನಂ’ ಎಂದರು. ಆಗ ನೆನಪಾದದ್ದು ಒಂಬತ್ತನೇ ತರಗತಿಯ ಛಂದಸ್ಸು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆಸುತ್ತಿದ್ದರಲ್ಲ, ಅದು ಅಂಕಕ್ಕಾಗಿ ಎಂದೇ ನಾವು ತಿಳಿದಿದ್ದೆವು. ಆ ಅಕ್ಷರ ಏಕೆ ಗುರುವಾಗುತ್ತದೆ? ಒತ್ತಕ್ಷರದ ಮೊದಲ ಅರ್ಧವನ್ನು ಬಾಯಿ ಹಿಂದಿನ ಅಕ್ಷರಕ್ಕೆ ಸೇರಿಸಿಕೊಳ್ಳುತ್ತದೆ, ಅದಕ್ಕೆ ಅದು ಭಾರವಾಗುತ್ತದೆ. ಬಾಯಿ ಕತ್ತರಿಸುವುದು ನಿರ್, ವಿಘ್, ನಂ ಎಂದು. ಮೂರೂ ಗುರು. ಬರಹದಂತೆ ಕತ್ತರಿಸಿದರೆ ಮೊದಲ ‘ನಿ’ ಲಘುವಾಗಿ ನಡಿಗೆಯೇ ಕುಂಟುತ್ತದೆ. ‘ವಕ್ರ’ವೂ ಹಾಗೆಯೇ, ವಕ್, ರ. ಇಡೀ ಶ್ಲೋಕಕ್ಕೆ ಕಾಗದದ ಮೇಲೆ ಪ್ರಸ್ತಾರ ಹಾಕಿ, ಮತ್ತೆ ಕತ್ತರಿಸಿದೆ. ‘ರವಿ’ ಹೋಯಿತು, ‘ಗನಂ’ ಕೂಡ ಹೋಯಿತು.

ಎರಡನೆಯದು ಬಿಡುವು. ಮೊದಲ ಸಲ ಅಕ್ಷರ ಹೇಳಿ, ಮನಸ್ಸಿನಲ್ಲೇ ಒಮ್ಮೆ ಅದನ್ನು ಹೇಳಿಕೊಂಡು ಮುಂದಿನದಕ್ಕೆ ಹೋಗಿದ್ದೆ. ನಮಗೆ ಬರುವುದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಎಷ್ಟು ಹೊತ್ತು! ಮಕ್ಕಳು ಶುರು ಮಾಡುವಷ್ಟರಲ್ಲಿ ನನ್ನ ಮುಂದಿನ ಅಕ್ಷರ ಅವರ ಮೇಲೆ ಬೀಳುತ್ತಿತ್ತು. ಅವರು ಕೊನೆಯನ್ನು ನುಂಗಿ ನನ್ನ ಹಿಂದೆ ಓಡುತ್ತಿದ್ದರು. ಪಕ್ಕದ ಮನೆಯ ಹುಡುಗನನ್ನು ಅಂಗಳದಲ್ಲಿ ದೂರ ಕೂರಿಸಿ, ನಾನು ಹೇಳಿದ್ದು ಅವನು ಹೇಳಿದ್ದು ಎರಡನ್ನೂ ಫೋನಿನಲ್ಲಿ ಹಿಡಿದು ಅಳೆದೆ. ಒಂದು ಅಕ್ಷರಕ್ಕೆ ನನಗೆ ಒಂದು ಸೆಕೆಂಡು. ಅವನು ಬಾಯಿ ತೆರೆಯಲೇ ಅರ್ಧ ಸೆಕೆಂಡು, ಹೇಳಲು ಇನ್ನೊಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಒಂದು ಪಾದಕ್ಕೆ ನನಗೆ ಮೂರು, ಅವನಿಗೆ ಐದರ ಹತ್ತಿರ. ಆದ್ದರಿಂದ ನಾನು ತೆಗೆದುಕೊಂಡ ಹೊತ್ತಿನ ಎರಡರಷ್ಟು ಬಿಡುವು ಇಟ್ಟೆ. ಅದಕ್ಕಿಂತ ಹೆಚ್ಚಾದರೂ ಕಷ್ಟವೇ. ಒಂದು ಅಕ್ಷರಕ್ಕೆ ನಾಲ್ಕು ಸೆಕೆಂಡು ಬಿಟ್ಟು ನೋಡಿದಾಗ ಆ ಹುಡುಗ, ‘ಆಂಟಿ, ನಿಂತುಹೋಯ್ತಾ?’ ಎಂದು ಕೇಳಿದ.

ಬಿಡುವಿನಲ್ಲಿ ನನ್ನ ಮುಖ ಏನು ಮಾಡಬೇಕು ಎಂಬುದನ್ನೂ ನಾನು ಯೋಚಿಸಿರಲಿಲ್ಲ. ಮೊದಲ ವಿಡಿಯೋದಲ್ಲಿ ದನಿಯಿಲ್ಲದೆ ನಾನೂ ತುಟಿ ಆಡಿಸುತ್ತಿದ್ದೆ, ಪ್ರೀತಿಯಿಂದಲೇ. ಮಕ್ಕಳು ಕಿವಿಯಲ್ಲಿ ಉಳಿದದ್ದನ್ನು ಹೇಳದೆ ನನ್ನ ತುಟಿ ನೋಡಿ ಹೇಳುತ್ತಿದ್ದರು. ಈಗ ಬಾಯಿ ಮುಚ್ಚಿ, ಕೈಯನ್ನು ಕಿವಿಗೆ ಹಿಡಿದು ಕೂರುತ್ತೇನೆ. ಈಗ ನಿನ್ನ ಸರದಿ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ.

ಮೂರನೆಯದನ್ನು ಹೇಳಲೆಂದೇ ನಾನು ಇಲ್ಲಿ ನಿಂತಿದ್ದೇನೆ ಎನ್ನಿ. ಆ ಹುಡುಗನಿಗೆ ಆಗ ಏಳು ವರ್ಷ. ಅವನ ಅಜ್ಜಿ ಇರುವುದು ನಮ್ಮ ಕಡೆಯದೇ ಒಂದು ಹಳ್ಳಿಯಲ್ಲಿ. ಶನಿವಾರ ರಾತ್ರಿ ಅವರು ಫೋನಿನಲ್ಲಿ ಮಾತಾಡುತ್ತಾರೆ, ಇಲ್ಲಿ ಆಗ ಭಾನುವಾರ ಬೆಳಿಗ್ಗೆ. ಮೊದಲ ವಿಡಿಯೋ ನೋಡಿ ಕಲಿತು ಅವನು ಅಜ್ಜಿಗೆ ಶ್ಲೋಕ ಒಪ್ಪಿಸಿದ. ಸೂರ್ಯನ ಮಾತು ಬರುವಲ್ಲಿ ‘ಕೋಟಿ’ ಎನ್ನಬೇಕಲ್ಲ, ‘ಕೋಡಿ’ ಎಂದ. ಅಜ್ಜಿ ನಕ್ಕುಬಿಟ್ಟರು. ‘ಏನಪ್ಪಾ, ನಿಮ್ಮೂರ ಕೆರೆ ಕೋಡಿ ಬಿತ್ತಾ?’ ಎಂದರು. ತಮಾಷೆಗೆ ಅಂದದ್ದು. ಅವನಿಗೆ ಕೆರೆಯೂ ಗೊತ್ತಿಲ್ಲ, ಕೋಡಿಯೂ ಗೊತ್ತಿಲ್ಲ. ಅಜ್ಜಿ ನಕ್ಕರು ಎಂಬುದಷ್ಟೇ ಗೊತ್ತಾಯಿತು. ಮುಂದಿನ ಮೂರು ವಾರ ಫೋನ್ ಬಂದಾಗ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ ಕೂತನಂತೆ. ಅವರ ಅಮ್ಮ ನನ್ನ ಹತ್ತಿರ ಬಂದು ಹೇಳಿ ಅತ್ತರು. ವಿಡಿಯೋ ಮಾಡಿದವಳು ನಾನಲ್ಲವೇ.

ಅವನಿಗೆ ‘ಟಿ’ ಬರುವುದಿಲ್ಲ ಎಂದುಕೊಂಡು ಕರೆದು ಕೂರಿಸಿದೆ. ‘ಕೋ’ ಎಂದೆ, ‘ಕೋ’ ಎಂದ. ‘ಟಿ’ ಎಂದೆ, ‘ಟಿ’ ಎಂದ. ‘ಕೋಟಿ’ ಎಂದೆ, ‘ಕೋಡಿ’ ಎಂದ! ಬಿಡಿಯಾಗಿ ಸರಿ, ಕೂಡಿಸಿದರೆ ತಪ್ಪು. ಅಂದರೆ ಅಕ್ಷರ ಅಕ್ಷರವಾಗಿ ಹೇಳಿಸಿದ ನನ್ನ ವಿಡಿಯೋ ತಪ್ಪನ್ನು ತಿದ್ದುವ ಬದಲು ಮುಚ್ಚಿಡುತ್ತಿತ್ತು.

ಕಾರಣ ಅವರ ಇಂಗ್ಲಿಷಿನಲ್ಲಿದೆ. ಅಮೆರಿಕದವರು ‘ವಾಟರ್’ ಎನ್ನುವುದನ್ನು ಕೇಳಿದ್ದೀರಲ್ಲ, ‘ವಾಡರ್’ ಎಂದಂತೆ ಕೇಳುತ್ತದೆ. ಎರಡು ಸ್ವರಗಳ ನಡುವೆ ಟಕಾರ ಬಂದು ಅದರ ಮುಂದಿನ ಸ್ವರಕ್ಕೆ ಒತ್ತು ಇಲ್ಲದಿದ್ದರೆ, ನಾಲಿಗೆ ಅಲ್ಲಿ ತಗಲಿದಂತೆ ಮಾಡಿ ಹಾರಿಹೋಗುತ್ತದೆ. ಆ ಸ್ವರಕ್ಕೆ ಒತ್ತು ಇದ್ದರೆ ಹಾರುವುದಿಲ್ಲ. ‘ಆಟಮ್’ ಎನ್ನುವಾಗ ಅವರ ಬಾಯಲ್ಲಿ ‘ಆಡಮ್’ ಎಂದಂತೆ ಕೇಳುತ್ತದೆ, ‘ಅಟಾಮಿಕ್’ ಎನ್ನುವಾಗ ಅದೇ ಬಾಯಲ್ಲಿ ಸ್ಪಷ್ಟವಾದ ಟಕಾರ. ಹುಡುಗನ ನಾಲಿಗೆಯಲ್ಲಿ ದೋಷವೇ ಇರಲಿಲ್ಲ. ಅವನ ಶಾಲೆ ಕಲಿಸಿದ ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಇಂಗ್ಲಿಷ್ ಲಿಪಿಯಲ್ಲಿ ಬರೆದು ತೋರಿಸಿ ನಾನೇ ಆ ನಿಯಮಕ್ಕೆ ಬಾಗಿಲು ತೆಗೆದಿದ್ದೆ.

ಹಾಗಾದರೆ ಒತ್ತನ್ನು ‘ಟಿ’ ಮೇಲೆ ತಂದರೆ? ‘ಕೋ’ವನ್ನು ಎರಡು ಮಾತ್ರೆಗೆ ಎಳೆದು, ‘ಟಿ’ಗೆ ಸರಿಯಾಗಿ ಚಪ್ಪಾಳೆ ಹೊಡೆಯಲು ಹೇಳಿದೆ. ಕೋಓ, ಟಿ. ಬಂತು. ಹತ್ತು ಸಲ ಜೋರು ಚಪ್ಪಾಳೆ, ಆಮೇಲೆ ತೊಡೆಯ ಮೇಲೆ ಮೆಲ್ಲಗೆ ತಟ್ಟುವುದು, ಆಮೇಲೆ ಒಂದು ಬೆರಳು, ಕೊನೆಗೆ ಏನೂ ಇಲ್ಲ. ಬೆರಳು ಬಿಟ್ಟ ಕೂಡಲೇ ಎರಡು ಸಲ ‘ಕೋಡಿ’ ಮರಳಿತು, ಮತ್ತೆ ಬೆರಳಿಗೆ ಹೋದೆವು. ನಾಲ್ಕು ದಿನ, ದಿನಕ್ಕೆ ಐದು ನಿಮಿಷ. ಆಮೇಲೆ ಅದು ನಿಂತಿತು.

ಆಗ ವಿಡಿಯೋವನ್ನು ಹೊಸದಾಗಿ ಮಾಡಿದೆ. ಮೊದಲ ಸುತ್ತು ಅಕ್ಷರ ಅಕ್ಷರ, ಪರದೆಯ ಮೇಲೆ ಯಾವ ಲಿಪಿಯೂ ಇಲ್ಲ, ನನ್ನ ಬಾಯಿ ಮಾತ್ರ. ಇದು ಒಂದೂವರೆ ನಿಮಿಷ, ಒಂದೇ ಸಲ. ಎರಡನೆಯದು ಪಾದ ಪಾದವಾಗಿ, ಎರಡೆರಡು ಸಲ. ‘ಟಿ’ ಬಂದಲ್ಲಿ ಚಪ್ಪಾಳೆ. ಮೂರನೆಯದು ಅರ್ಧರ್ಧ ಶ್ಲೋಕ, ಅದೂ ಎರಡು ಸಲ, ಆಗ ಕನ್ನಡ ಅಕ್ಷರ ಕೆಳಗೆ ಬರುತ್ತದೆ. ಕೊನೆಗೆ ಒಂದು ಖಾಲಿ ಸುತ್ತು. ನಾನು ಕಿವಿಗೆ ಕೈ ಹಿಡಿದು ಸುಮ್ಮನೆ ಕೂತಿರುತ್ತೇನೆ, ಮಗು ಒಂದೇ ಹೇಳಬೇಕು. ವಿಡಿಯೋ ಜೊತೆ ಚೆನ್ನಾಗಿ ಹೇಳುವ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಇಲ್ಲಿ ಮೊದಲ ಸಲ ನಿಂತುಹೋದರು. ‘ನಮ್ಮ ಮಗುವಿಗೆ ಬರುತ್ತೆ’ ಎನ್ನುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ: ಆ ಖಾಲಿ ಸುತ್ತಿನಲ್ಲಿ ಪಕ್ಕದಲ್ಲಿ ಕೂತು ಕೇಳಿ, ನೀವು ಬಾಯಿ ತೆರೆಯಬೇಡಿ. ವಿಡಿಯೋಗೆ ಬಾಯಿ ಇದೆ, ಕಿವಿ ಇಲ್ಲ. ನಾನು ಕಿವಿಗೆ ಕೈ ಹಿಡಿದಿರುವುದು ಬರೀ ನಟನೆ.

ಮೂರು ವಾರ ಬಿಟ್ಟು ಹುಡುಗ ತಾನಾಗಿಯೇ ಫೋನಿಗೆ ಬಂದ. ಒಪ್ಪಿಸಲಿಲ್ಲ. ‘ಅಜ್ಜಿ, ನಾನು ಹೇಳ್ತೀನಿ, ನೀನು ಹಿಂದಿಂದ ಹೇಳು’ ಎಂದ. ಅಜ್ಜಿ ಒಪ್ಪಿದರು. ಕೋಟಿ ಕೋಟಿಯಾಗಿಯೇ ಬಂತು. ಆದರೆ ‘ಮಹಾಕಾಯ’ಕ್ಕೆ ಅಜ್ಜಿ ‘ಮಾಕಾಯ’ ಎಂದರು. ನಮ್ಮ ಕಡೆ ಹಾಲು ಆಲಾಗುತ್ತದೆ, ನಿಮಗೇ ಗೊತ್ತು. ಆರನೇ ತರಗತಿಯಲ್ಲಿ ನಾನೂ ಹಾಗೇ ಹೇಳಿ, ‘ಅಂಗೈಯನ್ನು ಬಾಯಿ ಮುಂದೆ ಹಿಡಿ, ಗಾಳಿ ತಾಗಬೇಕು’ ಎಂದು ಮೇಷ್ಟ್ರಿಂದ ಹೇಳಿಸಿಕೊಂಡವಳು. ಅದನ್ನೇ ಮಕ್ಕಳಿಗೂ ಹೇಳಿದ್ದೆ. ಹುಡುಗ ಅಂಗೈಯನ್ನು ಬಾಯಿ ಮುಂದೆ ಹಿಡಿದು ಫೋನಿನಲ್ಲಿ ಅಜ್ಜಿಗೆ ತೋರಿಸಿದನಂತೆ. ಅಜ್ಜಿಯೂ ಹಿಡಿದರಂತೆ.

ಎರಡನೇ ಪಾದದ ಕೊನೆಯ ‘ಭ’ ಮಾತ್ರ ಅವನಿಗೆ ಈಗಲೂ ‘ಬ’ ಆಗಿಯೇ ಬರುತ್ತದೆ. ಉಸಿರು ಮುಗಿಯುವ ಜಾಗ ಅದು. ಅಲ್ಲಿ ನಾನು ನಿಲ್ಲಿಸುವುದಿಲ್ಲ, ಮುಂದಕ್ಕೆ ಹೋಗಲು ಬಿಡುತ್ತೇನೆ.